ನಿಂತಾಗಿನ ಬಿಪಿ

ಕಂಡಕ್ಟರಜ್ಜ ಮೂರನೆಯ ಸಲ ಬಿದ್ದದ್ದು ಕುರ್ಚಿಗೂ ಬಚ್ಚಲ ಬಾಗಿಲಿಗೂ ನಡುವಿನ ಆರೇ ಆರು ಹೆಜ್ಜೆಯ ದಾರಿಯಲ್ಲಿ. ಬೆಳಗ್ಗೆ ಹತ್ತೂವರೆಯ ಸಮಯ. ಟೀಚರಮ್ಮ ಕಿಟಕಿಯ ಹತ್ತಿರ ಕೂತು ಗಂಡನ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ದಾರ ಕಚ್ಚಿ ತುಂಡರಿಸಲು ತಲೆ ತಗ್ಗಿಸಿದ್ದಷ್ಟೇ, ಧಡ್ ಎಂದಿತು. ತಿರುಗಿ ನೋಡಿದರೆ ಅಜ್ಜ ನೆಲದ ಮೇಲೆ, ಹುಬ್ಬಿನ ಮೇಲೆ ರಕ್ತ.

"ಏನಾಗಿಲ್ಲ ಕಣೇ," ಎಂದರು ಅಜ್ಜ, ಬಿದ್ದಲ್ಲಿಂದಲೇ. "ಕಾಲು ಜಾರಿತು."

ನೆಲ ಒಣಗಿತ್ತು. ಜಾರುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಅವರಿಬ್ಬರೂ ಆ ಆರೈಕೆ ಮನೆಗೆ ಬಂದು ವರ್ಷವಾಗಿತ್ತು. ಅಜ್ಜನಿಗೆ ಎಂಬತ್ತೇಳು, ಟೀಚರಮ್ಮನಿಗೆ ಎಪ್ಪತ್ತಾರು. ಅಜ್ಜ ಸೊರಗಿದರು, ಅವರನ್ನು ಎತ್ತಿ ಕೂರಿಸುವಷ್ಟು ಕಸುವು ಟೀಚರಮ್ಮನಿಗೆ ಇರಲಿಲ್ಲ. ಮಗಳ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟಿಲ್ಲ. ಹಾಗಾಗಿ ಇಬ್ಬರಿಗೂ ಸೇರಿ ನೆಲಮಹಡಿಯ ಈ ಕೋಣೆ. ಎರಡು ಮಂಚ, ಒಂದು ಬೀರು, ರಸ್ತೆಗೆ ಮುಖ ಮಾಡಿದ ಒಂದು ಕಿಟಕಿ. ಮೂವತ್ನಾಲ್ಕು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವರನ್ನು ಇಲ್ಲಿ ಎಲ್ಲರೂ ಕಂಡಕ್ಟರಜ್ಜ ಎಂದರು. ಪ್ರೌಢಶಾಲೆಯಲ್ಲಿ ಲೆಕ್ಕ ಕಲಿಸಿದವರನ್ನು ಟೀಚರಮ್ಮ ಎಂದರು.

ತುಂಬಿದ ಬಸ್ಸಿನಲ್ಲಿ, ಅದೆಂಥ ತಿರುವಿನಲ್ಲೂ, ಒಂದು ಕೈಯಲ್ಲಿ ಟಿಕೆಟ್ ಕಟ್ಟು, ಇನ್ನೊಂದರಲ್ಲಿ ಚಿಲ್ಲರೆ ಹಿಡಿದು ಕಂಬಿ ಮುಟ್ಟದೆ ನಿಲ್ಲುತ್ತಿದ್ದ ಮನುಷ್ಯ ಅವರು. ಅಂಥವರು ಈಗ ಅಲುಗಾಡದ ನೆಲದ ಮೇಲೆ ಬೀಳುವುದು ಟೀಚರಮ್ಮನಿಗೆ ಬಿಡಿಸಲಾಗದ ಲೆಕ್ಕವಾಗಿತ್ತು. ಸರಿಯಾಗಿ ಊಟ ಮಾಡುವುದಿಲ್ಲ, ಅದಕ್ಕೇ ಕಾಲಲ್ಲಿ ಬಲವಿಲ್ಲ ಎಂದು ತೀರ್ಮಾನಿಸಿ, ಗಂಡನಿಗೆ ಇನ್ನೂ ಎರಡು ತುತ್ತು ಹೆಚ್ಚಾಗಿ ತಿನ್ನಿಸಲು ಹೆಣಗುತ್ತಿದ್ದರು.

ದೊಡ್ಡ ಸಿಸ್ಟರ್ ಬಂದು ಗಾಯ ಒರೆಸಿ, ಪಟ್ಟಿ ಅಂಟಿಸಿ, ಕೈಕಾಲು ಮಡಚಿ ಬಿಡಿಸಿ ನೋಡಿದರು. ಮೂಳೆಗೇನೂ ಆಗಿರಲಿಲ್ಲ. ಅಜ್ಜನನ್ನು ಮಂಚದ ಮೇಲೆ ಮಲಗಿಸಿ, ಸ್ವಲ್ಪ ಹೊತ್ತು ಬಿಟ್ಟು ಬಿಪಿ ನೋಡಿದರು. ನೂರ ಇಪ್ಪತ್ತಾರು, ಅರವತ್ತೆಂಟು.

"ಚೆನ್ನಾಗಿದೆಯಲ್ಲ," ಎಂದರು ಟೀಚರಮ್ಮ. ಗಂಡನ ಬಿಪಿ ಅವರ ಪಾಲಿಗೆ ಪರೀಕ್ಷೆಯ ಅಂಕದ ಹಾಗೆ. ನೂರ ಮೂವತ್ತರೊಳಗೆ ಬಂದರೆ ಪಾಸು.

"ಮಲಗಿದಾಗ ಚೆನ್ನಾಗಿದೆ. ಈಗ ಎದ್ದು ನಿಲ್ಲಿಸಿ ನೋಡೋಣ," ಎಂದರು ಸಿಸ್ಟರ್. ಒಂದು ಕಡೆ ತಾವು, ಇನ್ನೊಂದು ಕಡೆ ಆಯಾ ಹಿಡಿದುಕೊಂಡು ಅಜ್ಜನನ್ನು ನಿಲ್ಲಿಸಿದರು. ಒಂದು ನಿಮಿಷಕ್ಕೆ ನೋಡಿದಾಗ ತೊಂಬತ್ತೆಂಟು. ಮೂರನೆಯ ನಿಮಿಷಕ್ಕೆ ತೊಂಬತ್ತನಾಲ್ಕು. ಅಜ್ಜನ ಮುಖ ಬಿಳಿಚಿತು.

"ಏನನ್ನಿಸ್ತಿದೆ ಅಜ್ಜ?"

"ಗಾಡಿ ತಿರುಗ್ತಾ ಇದೆ," ಎಂದರು ಅಜ್ಜ ಮೆಲ್ಲಗೆ. "ಕೂರಿಸಿಬಿಡಿ."

ವರ್ಷಗಟ್ಟಲೆ ಟೀಚರಮ್ಮ ಗಂಡನ ಬಿಪಿ ನೋಡಿದ್ದರು, ಯಾವಾಗಲೂ ಕೂರಿಸಿಯೇ. ನಿಲ್ಲಿಸಿ ನೋಡಬೇಕು ಎಂದು ಯಾರೂ ಹೇಳಿರಲಿಲ್ಲ, ತಮಗೂ ಹೊಳೆದಿರಲಿಲ್ಲ.

ಸಿಸ್ಟರ್ ರಿಜಿಸ್ಟರು ತಂದು ತೋರಿಸಿದರು. ಅಜ್ಜ ಮೂರೂ ಸಲ ಬಿದ್ದದ್ದು ಹತ್ತರಿಂದ ಹನ್ನೆರಡರ ಒಳಗೆ. "ಮಾತ್ರೆ ಕೊಡೋದು ಎಂಟಕ್ಕೆ. ಅದರಲ್ಲಿ ಒಂದು ನೀರಿನ ಮಾತ್ರೆ, ಒಂದಕ್ಕೆ ಹೋಗೋ ಅವಸರ ಹುಟ್ಟಿಸತ್ತೆ. ಇವರು ದಡಬಡ ಎದ್ದು ಹೊರಡ್ತಾರೆ, ಬಿಪಿ ಇಳಿಯತ್ತೆ, ತಲೆ ಸುತ್ತತ್ತೆ. ಶುಕ್ರವಾರ ಡಾಕ್ಟರ್ ಬರ್ತಾರಲ್ಲ, ಮಾತಾಡೋಣ. ಬಹುಶಃ ಮಾತ್ರೆ ಕಮ್ಮಿ ಮಾಡಬೇಕಾಗತ್ತೆ."

"ಮಾತ್ರೆ ಮಾತ್ರ ಕಮ್ಮಿ ಮಾಡಬೇಡಿ," ಎಂದರು ಟೀಚರಮ್ಮ.

ಅದಕ್ಕೊಂದು ಕಾರಣವಿತ್ತು. ಮೂವತ್ತು ವರ್ಷದ ಹಿಂದೆ ಅವರ ಅಕ್ಕ, ಐವತ್ತೆಂಟರ ಗಟ್ಟಿಮುಟ್ಟಾದ ಹೆಂಗಸು, ಈಗ ಆರಾಮಾಗಿದೀನಲ್ಲ ಎಂದು ಬಿಪಿ ಮಾತ್ರೆಯನ್ನು ತಾನೇ ನಿಲ್ಲಿಸಿಬಿಟ್ಟಳು. ಎರಡು ತಿಂಗಳಿಗೆ ಅಡುಗೆಮನೆಯಲ್ಲಿ ಕುಸಿದಳು. ಆಸ್ಪತ್ರೆಯಲ್ಲಿ ಬಿಪಿ ಇನ್ನೂರ ಹತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು, ಮಾತು ಹೋಗಿತ್ತು, ಹನ್ನೊಂದು ದಿನ ತಂಗಿಯ ಮುಖವನ್ನೇ ನೋಡುತ್ತ ಮಲಗಿದ್ದು ತೀರಿಕೊಂಡಳು. ಆ ಹನ್ನೊಂದು ದಿನ ಟೀಚರಮ್ಮನ ಕಣ್ಣಿಗೆ ಕಟ್ಟಿದ ಹಾಗೆ ಉಳಿದುಹೋಯಿತು. ಮುಂದೆ ಗಂಡನಿಗೆ ಬಿಪಿ ಬಂದಾಗ, ಮಾತ್ರೆಯ ವಿಷಯದಲ್ಲಿ ಅವರು ಜಗ್ಗಲಿಲ್ಲ. ಆರೈಕೆ ಮನೆಯಲ್ಲಿ ಸಿಸ್ಟರೇ ಮಾತ್ರೆ ಕೊಟ್ಟರೂ, ಅವರು ಹೋದ ಮೇಲೆ "ಬಾಯಿ ತೆಗೀರಿ, ನಾಲಿಗೆ ಎತ್ತಿ" ಎಂದು ಇಣುಕುತ್ತಿದ್ದರು. ಅಜ್ಜ ಚಕಾರವೆತ್ತದೆ ನಾಲಿಗೆ ಎತ್ತುತ್ತಿದ್ದರು.

ಶುಕ್ರವಾರ ಡಾಕ್ಟರು ಬಂದರು. ಮಧ್ಯವಯಸ್ಸಿನ ಹೆಂಗಸು, ಅವಸರವಿಲ್ಲದ ಮಾತು. ಕುರ್ಚಿ ಎಳೆದುಕೊಂಡು ಅಜ್ಜನ ಎದುರಿಗೇ ಕೂತರು. ಮಗಳೂ ಕೆಲಸದಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಡಾಕ್ಟರು ಕಾಗದಗಳನ್ನು ನೋಡಿದರು, ಅಜ್ಜನ ಪಾದದ ಮೇಲೆ ಬೆರಳೂರಿ ಬಾವು ನೋಡಿದರು, ಎದೆ ಬೆನ್ನು ಆಲಿಸಿದರು.

"ಮೂರು ಮಾತ್ರೆ ಇದಾವೆ," ಎಂದರು. "ಮೊದಲನೇದು ರಕ್ತನಾಳ ಸಡಿಲ ಮಾಡೋದು, ಫುಲ್ ಡೋಸಲ್ಲಿದೆ. ಅದರಿಂದ ಕೆಲವರಿಗೆ ಪಾದ ಊದತ್ತೆ. ಪಾದ ಊದಿದೆ ಅಂತ ಮೂರು ವರ್ಷದ ಹಿಂದೆ ಯಾರೋ ನೀರಿನ ಮಾತ್ರೆ ಸೇರಿಸಿದಾರೆ. ಆಗ ಹೃದಯ ಸ್ಕ್ಯಾನ್ ಮಾಡ್ಸಿದಾರೆ, ಅದು ಚೆನ್ನಾಗೇ ಇದೆ. ಅಂದ್ರೆ ಒಂದು ಮಾತ್ರೆ ತಂದ ಊತಕ್ಕೆ ಇನ್ನೊಂದು ಮಾತ್ರೆ ತಗೋತಾ ಇದಾರೆ ಅನ್ಸತ್ತೆ. ಮೂರನೇದು ಬೇರೆ ಥರದ್ದು, ಅದು ಇರಲಿ. ಈ ಮೊದಲೆರಡನ್ನ ಒಂದಾದ ಮೇಲೆ ಒಂದು ನಿಲ್ಲಿಸಿ ನೋಡಬಹುದು."

"ಅಂದ್ರೆ ಇವರನ್ನ ಕೈಬಿಡ್ತೀರಾ?" ಎಂದರು ಟೀಚರಮ್ಮ.

"ಇಲ್ಲಮ್ಮ. ಕೈ ಹಿಡಿಯೋಕೇ ಇದು."

ಟೀಚರಮ್ಮ ಅಕ್ಕನ ಕಥೆ ಹೇಳಿದರು. ಡಾಕ್ಟರು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ಹೇಳಿದರು: "ನಿಮ್ಮ ಅಕ್ಕ ಮಾತ್ರೆ ಬಿಡಬಾರದಿತ್ತು, ನೀವು ಹೇಳೋದು ನಿಜ. ಅವರಿಗೆ ಐವತ್ತೆಂಟು, ಬಿಪಿ ಇನ್ನೂರರ ಮೇಲೆ, ಯಾರನ್ನೂ ಕೇಳದೆ ಬಿಟ್ರು. ಇವರಿಗೆ ಎಂಬತ್ತೇಳು. ಹೋದ ವರ್ಷದಿಂದ ಒಂಬತ್ತು ಕಿಲೋ ಇಳಿದಿದಾರೆ. ದೇಹ ಸೊರಗ್ತಾ ಬಂದ ಹಾಗೆ ಬಿಪಿನೂ ತಾನಾಗಿ ಇಳಿಯತ್ತೆ. ಆದ್ರೆ ಮಾತ್ರೆ ಮಾತ್ರ ಅವತ್ತಿನ ದಪ್ಪ ಮನುಷ್ಯಂಗೆ ಬರೆದದ್ದೇ ನಡೀತಾ ಇದೆ."

"ಲಕ್ವ ಹೊಡೆದ್ರೆ?"

"ಹೊಡೆಯೋದೇ ಇಲ್ಲ ಅಂತ ನಾನು ಮಾತು ಕೊಡಲ್ಲ. ಮಾತ್ರೆ ತಗೊಂಡ್ರೂ ಕೊಡೋಕಾಗಲ್ಲ. ಇಷ್ಟು ಸೊರಗಿದವರಲ್ಲಿ ಎಷ್ಟು ಲಾಭ, ಎಷ್ಟು ನಷ್ಟ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಆದ್ರೆ ಮಾತ್ರೆಯ ಲಾಭ ಕಾಣೋಕೆ ವರ್ಷಗಳು ಬೇಕು. ಬಿದ್ದು ಸೊಂಟದ ಮೂಳೆ ಮುರಿಯೋಕೆ ನಾಳೆ ಬೆಳಗ್ಗೆ ಸಾಕು."

ಆಮೇಲೆ ಡಾಕ್ಟರು ಅಜ್ಜನ ಕಡೆ ತಿರುಗಿದರು. "ನಿಮಗೇನು ಬೇಕು ಅಜ್ಜ? ಮಾತ್ರೆ, ಬಿಪಿ ಎಲ್ಲ ಬಿಡಿ. ದಿನ ಹೇಗೆ ಕಳೀಬೇಕು ಅಂತಾಸೆ?"

ಅಜ್ಜನನ್ನು ಯಾರೂ ಅದನ್ನು ಕೇಳಿ ಬಹಳ ದಿನವಾಗಿತ್ತು. ಅವರು ಹೆಂಡತಿಯ ಮುಖ ನೋಡಿದರು, ಅನುಮತಿ ಕೇಳುವವರ ಹಾಗೆ.

"ಗೇಟಿನ ತನಕ ನಡೀಬೇಕು," ಎಂದರು. "ಅಲ್ಲೇ ಸ್ಟಾಪಿದೆ. ಬಸ್ಸು ನೋಡಬೇಕು. ಕಾಂಪೌಂಡ್ ಗೋಡೆ ಅಡ್ಡ, ಕಿಟಕಿಯಿಂದ ಬರೀ ಬಸ್ಸಿನ ಟಾಪು ಕಾಣತ್ತೆ."

ಮಗಳು ನಕ್ಕಳು, ಕಣ್ಣಲ್ಲಿ ನೀರಿತ್ತು. ಟೀಚರಮ್ಮ ನಗಲಿಲ್ಲ. "ಯೋಚನೆ ಮಾಡಿ ಹೇಳ್ತೀವಿ," ಎಂದರು. ಡಾಕ್ಟರು ಒಪ್ಪಿದರು. ಅಲ್ಲಿಯವರೆಗೆ ಅಜ್ಜ ಒಬ್ಬರೇ ಏಳಬಾರದು, ಕುರ್ಚಿಯ ಪಕ್ಕ ಗಂಟೆ ಇಡಬೇಕು ಎಂದು ಹೇಳಿ ಹೋದರು.

ಶನಿವಾರ ಇಡೀ ದಿನ ಟೀಚರಮ್ಮ ಮುಖ ಊದಿಸಿಕೊಂಡಿದ್ದರು. ಅಜ್ಜ ತಡೆಯಲಾರದೆ ಕೇಳಿದರು: "ನನ್ ಮೇಲೆ ಸಿಟ್ಟಾ?"

"ತಲೆ ಸುತ್ತತ್ತೆ ಅಂತ ಒಂದು ದಿನ ಹೇಳಿದೀರಾ ನನಗೆ? ಮೂರ್ಮೂರು ಸಲ ಬಿದ್ರಿ, ಕಾಲು ಜಾರಿತು, ಚಪ್ಪಲಿ ಸಿಕ್ಕಿತು ಅಂತ ಕಥೆ ಕಟ್ಟಿದ್ರಿ."

"ಹೇಳಿದ್ರೆ ಬೈತಿದ್ದೆ."

"ಬೈದ್ರೆ ಏನೀಗ? ಐವತ್ತೆರಡು ವರ್ಷದಿಂದ ಬೈಸ್ಕೊಂಡಿದೀರಿ, ಇದೊಂದು ಹೆಚ್ಚಾಗ್ತಿತ್ತಾ?"

ಅಜ್ಜ ಹಾಸಿಗೆಯ ಅಂಚನ್ನು ಸವರುತ್ತ ಕೂತರು. "ಎರಡು ತಿಂಗಳಾಯ್ತು ಕಣೇ, ಎದ್ರೆ ಸಾಕು ಕಣ್ಣು ಕತ್ತಲಾಗತ್ತೆ. ಮಾತ್ರೆ ಜಾಸ್ತಿಯಾಯ್ತೇನೋ ಅಂತ ನನಗೂ ಅನ್ನಿಸ್ತು. ಆದ್ರೆ ನೀನು ನಿಮ್ಮಕ್ಕನ ನೆನೆಸ್ಕೊಂಡು ಕೊಡೋ ಮಾತ್ರೆ ಅದು. ಬೇಡ ಅಂತ ಹೇಗನ್ನಲಿ?"

ಟೀಚರಮ್ಮ ಎದ್ದು ಹೋಗಿ ಬೀರುವಿನ ಬಟ್ಟೆಗಳನ್ನೆಲ್ಲ ತೆಗೆದು, ಮಡಿಕೆ ಬಿಡಿಸಿ, ಮತ್ತೆ ಅದೇ ಥರ ಮಡಿಸಿಟ್ಟರು. ಸೋಮವಾರ ಬೆಳಗ್ಗೆ ಸಿಸ್ಟರ್ ಹತ್ತಿರ ಹೋಗಿ ಒಪ್ಪಿಗೆ ಹೇಳಿದರು, ಷರತ್ತಿನ ಮೇಲೆ. ಒಂದೊಂದೇ ಮಾತ್ರೆ. ಕೂತಾಗಲೂ ನಿಂತಾಗಲೂ ಬಿಪಿ ನೋಡಬೇಕು. ಏರಿದರೆ ಮತ್ತೆ ಶುರು ಮಾಡಬೇಕು. ಸಿಸ್ಟರ್ ಫೋನಿನಲ್ಲಿ ಡಾಕ್ಟರಿಗೆ ಹೇಳಿದಾಗ ಅವರೆಂದರು: "ನಾನೂ ಅದನ್ನೇ ಬರೀತಿದ್ದೆ. ನೂರ ಐವತ್ತರ ತನಕ ಯೋಚನೆ ಬೇಡ. ಬಿಡದೆ ನೂರ ಅರವತ್ತು ದಾಟ್ತಾ ಇದ್ರೆ ಹೇಳಿ."

ಮೊದಲ ಮಾತ್ರೆ ಎರಡು ವಾರ ಅರ್ಧವಾಯಿತು, ಆಮೇಲೆ ನಿಂತಿತು. ಪಾದದ ಬಾವು ಮೆಲ್ಲಗೆ ಇಳಿಯಿತು. ಸಾಕ್ಸು ಬಿಚ್ಚಿದರೆ ಕಾಣುತ್ತಿದ್ದ ಗುಂಡಗಿನ ಗೆರೆ ಮಾಯವಾಗಿ, ಎಷ್ಟೋ ದಿನದ ಮೇಲೆ ಟೀಚರಮ್ಮನಿಗೆ ಗಂಡನ ಕಾಲಿನ ಗಿಣ್ಣು ಕಂಡಿತು. ಇನ್ನೆರಡು ವಾರ ನೋಡಿ ನೀರಿನ ಮಾತ್ರೆಯನ್ನೂ ನಿಲ್ಲಿಸಿದರು. ಉಸಿರು ಕಟ್ಟುತ್ತದೆಯೋ, ತೂಕ ಏಕಾಏಕಿ ಏರುತ್ತದೆಯೋ ಎಂದು ಸಿಸ್ಟರ್ ದಿನಾ ನೋಡುತ್ತಿದ್ದರು. ಎರಡೂ ಆಗಲಿಲ್ಲ. ಬಚ್ಚಲಿಗೆ ಓಡುವ ಅವಸರ ಹೋಯಿತು. ಕೂತಾಗ ನೂರ ನಲವತ್ತೆರಡು, ನಿಂತಾಗ ನೂರ ಇಪ್ಪತ್ತೆಂಟು.

ಗಾಬರಿಯಾದದ್ದು ಅದಾದ ಹತ್ತನೆಯ ದಿನ. ಮಧ್ಯಾಹ್ನ ಬಿಪಿ ನೋಡಲು ಬಂದ ಹೊಸ ನರ್ಸು ಯಂತ್ರ ನೋಡಿ ಹುಬ್ಬೇರಿಸಿದಳು. ನೂರ ಎಪ್ಪತ್ತನಾಲ್ಕು. "ದೊಡ್ಡ ಸಿಸ್ಟರ್ ಊಟಕ್ಕೆ ಹೋಗಿದಾರೆ, ಕರೀತೀನಿ," ಎಂದು ಹೊರಗೆ ಹೋದಳು.

ಟೀಚರಮ್ಮ ಎದ್ದರು. ಬೀರುವಿನ ಒಳಗೆ, ಸೀರೆಗಳ ಕೆಳಗೆ ಹಳೆಯ ಮಾತ್ರೆಯ ಒಂದು ಪಟ್ಟಿ ಇತ್ತು. ಮನೆಯಿಂದ ಬರುವಾಗ ತಂದದ್ದು. ಇರಲಿ ಎಂದು ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು. ತೆಗೆದರು. ಒಂದು ಮಾತ್ರೆ ಒತ್ತಿ ಅಂಗೈಗೆ ಹಾಕಿಕೊಂಡರು. ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು ಗಂಡನ ಮುಂದೆ ನಿಂತರು.

ಅಜ್ಜ ಮಾತ್ರೆ ನೋಡಿದರು, ಹೆಂಡತಿಯನ್ನು ನೋಡಿದರು. ಗುರುತು ಹಿಡಿದರು. ಬಾಯಿ ತೆರೆದರು.

ಹಲ್ಲಿಲ್ಲದ, ಗುಲಾಬಿ ಬಣ್ಣದ ಆ ಬಾಯಿ ನೋಡಿ ಟೀಚರಮ್ಮ ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದರು. ಬೇಡ ಅಂದಿದ್ದರೆ ಜಗಳ ಮಾಡಿ ನುಂಗಿಸಿಬಿಡುತ್ತಿದ್ದರೇನೋ. ಹೀಗೆ ತೆರೆದಿಟ್ಟ ಬಾಯಿಗೆ ಹಾಕಲು ಆಗಲಿಲ್ಲ. ತಾನು ಕೊಡುತ್ತಿರುವುದು ಇವರ ಬಿಪಿಗೋ, ತನ್ನ ಹೆದರಿಕೆಗೋ ಎಂದು ಅವರಿಗೇ ಅನುಮಾನ ಬಂತು.

"ಬಾಯಿ ಮುಚ್ಚಿ," ಎಂದರು.

"ಕೊಡಲ್ವಾ?"

"ಮುಚ್ಚಿ ಅಂದ್ನಲ್ಲ." ಲೋಟವನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲಿ ಕೂತರು. ಕೂತ ಮೇಲೆ ಅಳು ಬಂತು. ಅಜ್ಜ ಅವರ ಮೊಣಕೈ ಹಿಡಿದುಕೊಂಡು ಕೂತಿದ್ದರು. ಸಮಾಧಾನ ಮಾಡುವ ಮಾತುಗಳಲ್ಲಿ ಅವರು ಎಂದೂ ಜಾಣರಲ್ಲ. "ಮುಂದೆ ಬನ್ನಿ, ಮುಂದೆ ಬನ್ನಿ, ಒಳಗಡೆ ಖಾಲಿ ಇದೆ," ಎಂದರು, ಬಸ್ಸಿನಲ್ಲಿ ಹೇಳುತ್ತಿದ್ದ ದನಿಯಲ್ಲೇ. ಟೀಚರಮ್ಮ ಅಳುತ್ತಲೇ ನಕ್ಕರು.

ದೊಡ್ಡ ಸಿಸ್ಟರ್ ಕೈ ಒರೆಸಿಕೊಳ್ಳುತ್ತ ಬಂದಾಗ ಟೀಚರಮ್ಮ ಮಾತ್ರೆಯ ಪಟ್ಟಿಯನ್ನೂ ಬಿಡಿ ಮಾತ್ರೆಯನ್ನೂ ಅವರ ಕೈಗಿಟ್ಟರು. "ಇದನ್ನ ಬಚ್ಚಿಟ್ಟುಕೊಂಡಿದ್ದೆ. ಕೊಡೋಕೆ ಹೋಗಿದ್ದೆ. ಕೊಟ್ಟಿಲ್ಲ."

ಸಿಸ್ಟರ್ ಬಯ್ಯಲಿಲ್ಲ. ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು, "ಬಿಪಿ ನೋಡೋ ಮುಂಚೆ ಅಜ್ಜ ಏನ್ ಮಾಡ್ತಿದ್ರು?" ಎಂದು ಕೇಳಿದರು.

ಪಕ್ಕದ ಕೋಣೆಯ ರಿಟೈರ್ಡ್ ಡ್ರೈವರ್ ಜೊತೆ ಜಗಳ ಆಡುತ್ತಿದ್ದರು. ಬಸ್ಸು ತಡವಾದರೆ ತಪ್ಪು ಯಾರದು, ಡ್ರೈವರದೋ ಕಂಡಕ್ಟರದೋ ಎಂದು ಅರ್ಧ ಗಂಟೆ ಕೂಗಾಡಿ, ಆಗಷ್ಟೇ ಕೋಣೆಗೆ ವಾಪಸು ಬಂದಿದ್ದರು. ಬಂದ ಕೂಡಲೇ ಹೊಸ ನರ್ಸು ತೋಳಿಗೆ ಬಿಪಿ ಯಂತ್ರದ ಪಟ್ಟಿ ಕಟ್ಟಿದ್ದಳು.

"ಒಂದು ಹತ್ತು ನಿಮಿಷ ಸುಮ್ನೆ ಕೂತ್ಕೊಳ್ಳಿ," ಎಂದರು ಸಿಸ್ಟರ್. ಎಲ್ಲರೂ ಕೂತರು. ಹತ್ತು ನಿಮಿಷಕ್ಕೆ ನೂರ ಐವತ್ತೆರಡು. ಸಂಜೆ ನೂರ ನಲವತ್ತಾರು. ಮರುದಿನವೂ ಅಷ್ಟೇ. "ಒಂದು ಸಲ ಏರಿದ್ದನ್ನ ನೋಡಿ ಮಾತ್ರೆ ಕೊಡಲ್ಲ ನಾವು," ಎಂದರು ಸಿಸ್ಟರ್, "ಒಂದು ವಾರದ ಲೆಕ್ಕ ನೋಡ್ತೀವಿ. ಲೆಕ್ಕ ನಿಮಗೆ ನಾನು ಹೇಳ್ಕೊಡಬೇಕಾ?"

"ಹೇಳ್ಕೊಡಬೇಕಾಯ್ತಲ್ಲ," ಎಂದರು ಟೀಚರಮ್ಮ.

ಆ ವಾರದ ಕೊನೆಗೆ ಅಜ್ಜ ಗೇಟಿನ ತನಕ ನಡೆದರು. ವಾಕರ್ ಮುಂದೆ, ಟೀಚರಮ್ಮ ಪಕ್ಕದಲ್ಲಿ, ಕುರ್ಚಿ ಹಿಡಿದ ಆಯಾ ಹಿಂದೆ. ಮೊದಲು ಮಂಚದ ಅಂಚಿನಲ್ಲಿ ಕೂತು ಎರಡು ನಿಮಿಷ ಕಾಲಾಡಿಸಬೇಕು, ಆಮೇಲೆ ಏಳಬೇಕು ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ನಲವತ್ತು ಹೆಜ್ಜೆಗೆ ಕಾಲು ಗಂಟೆ ಹಿಡಿಯಿತು. ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು, ಬಂದ ಬಸ್ಸುಗಳಲ್ಲಿ ಒಂದೊಂದರ ತಪ್ಪು ಹುಡುಕಿದರು. ಇವನು ಪೂರ್ತಿ ನಿಲ್ಲಿಸಲಿಲ್ಲ, ಅಜ್ಜಿಯೊಬ್ಬರು ಕೂರುವ ಮುಂಚೆಯೇ ಅವಳು ಸೀಟಿ ಊದಿದಳು. ದಿನವೂ ಹತ್ತು ಗಂಟೆಗೆ ಹೋಗುವುದು ರೂಢಿಯಾಯಿತು. ವಾರ ಕಳೆದ ಹಾಗೆ ಕೆಲವು ಕಂಡಕ್ಟರುಗಳಿಗೆ ಪರಿಚಯವಾಗಿ, ಬಾಗಿಲಲ್ಲಿ ನಿಂತು ಕೈ ಎತ್ತುತ್ತಿದ್ದರು. ಅಜ್ಜ ದೊಡ್ಡ ಅಧಿಕಾರಿಯ ಹಾಗೆ ತಲೆ ಆಡಿಸುತ್ತಿದ್ದರು.

ಟೀಚರಮ್ಮ ಒಂದು ದಿನ ತಮ್ಮದೇ ಮಾತ್ರೆಯನ್ನು ಡಾಕ್ಟರಿಗೆ ತೋರಿಸಿ, "ನಂದೂ ನಿಲ್ಲಿಸಬಹುದಾ?" ಎಂದು ಕೇಳಿದರು. ಡಾಕ್ಟರು ಕೂರಿಸಿ, ನಿಲ್ಲಿಸಿ ನೋಡಿದರು. "ಬೇಡ. ನೀವು ಗಟ್ಟಿಯಾಗಿದೀರಿ, ನಿಂತಾಗ ಇಳೀತಿಲ್ಲ, ನಿಮಗದು ಕೆಲಸ ಮಾಡ್ತಿದೆ. ಮುಂದುವರಿಸಿ." ಅಜ್ಜನಿಗೆ ಅದು ಭಾರಿ ಖುಷಿ ಕೊಟ್ಟಿತು. ಮರುದಿನ ಬೆಳಗ್ಗೆ ಹೆಂಡತಿ ಮಾತ್ರೆ ನುಂಗಿದ ಕೂಡಲೇ, "ಬಾಯಿ ತೆಗಿ, ನಾಲಿಗೆ ಎತ್ತು," ಎಂದರು.

ಐದು ತಿಂಗಳು ಹೀಗೆ ನಡೆಯಿತು. ನಡುವೆ ಒಂದು ಸಲ ಬಿದ್ದರು, ಅದು ವಾಕರಿನ ಚಕ್ರ ಕಾಲೊರೆಸುವ ಮ್ಯಾಟಿಗೆ ಸಿಕ್ಕಿ. ಪೆಟ್ಟಾಗಲಿಲ್ಲ. ಆಮೇಲೆ ಒಂದು ಜ್ವರ ಬಂದು ಹೋಯಿತು. ಜ್ವರ ಹೋದರೂ ಅಜ್ಜ ಮೊದಲಿನಂತಾಗಲಿಲ್ಲ. ನಿದ್ದೆ ಹೆಚ್ಚಿತು, ಊಟ ನಾಲ್ಕು ಚಮಚೆಗೆ ಇಳಿಯಿತು, ನೀರು ಕುಡಿದರೂ ಕೆಮ್ಮು. ಉಳಿದಿದ್ದ ಒಂದು ಮಾತ್ರೆಯನ್ನು ಸಿಸ್ಟರ್ ಜಾಮಿನಲ್ಲಿ ಅದ್ದಿ ಕೊಡುವಾಗ ಅಜ್ಜ ಕಣ್ಣು ಬಿಗಿಯಾಗಿ ಮುಚ್ಚಿ ಒದ್ದಾಡುವುದನ್ನು ಟೀಚರಮ್ಮ ಮೂರು ದಿನ ನೋಡಿದರು.

ಶುಕ್ರವಾರ ಡಾಕ್ಟರು ಬಾಯಿ ತೆರೆಯುವ ಮೊದಲೇ ಟೀಚರಮ್ಮನೇ ಕೇಳಿದರು: "ಆ ಒಂದು ಮಾತ್ರೆನೂ ಇನ್ನು ಬೇಡ ಅಲ್ವಾ?"

"ಬೇಡಮ್ಮ," ಎಂದರು ಡಾಕ್ಟರು. "ಇನ್ನು ಅದರಿಂದ ಅವರಿಗೆ ಏನೂ ಆಗಬೇಕಾಗಿಲ್ಲ. ನೋವಾದ್ರೆ, ಉಸಿರಿಗೆ ಕಷ್ಟ ಆದ್ರೆ, ಅದಕ್ಕೆ ಬೇಕಾದ ಔಷಧಿ ಕೊಡ್ತೀವಿ."

"ಬಿಪಿ ನೋಡೋದು?"

"ಅದೂ ಬೇಡ. ನೋಡಿ ನಾವು ಏನೂ ಬದಲಾಯಿಸಲ್ಲ. ತೋಳಿಗೆ ಹಿಂಸೆ ಅಷ್ಟೇ."

ಬಿಪಿ ಯಂತ್ರದ ಪಟ್ಟಿ ತೋಳು ಬಿಗಿದಾಗಲೆಲ್ಲ ಸೊರಗಿದ ಚರ್ಮದ ಮೇಲೆ ಕೆಂಪು ಗುರುತು ಉಳಿಯುತ್ತಿತ್ತು. ಟೀಚರಮ್ಮ ಆ ಗುರುತಿನ ಮೇಲೆ ಎಣ್ಣೆ ಸವರಿದರು. ದಿನಾ ಸವರಿದರು. ಮೂರು ದಿನಕ್ಕೆ ಗುರುತು ಹೋಯಿತು.

ಅದಾದ ಮೇಲೆ ಅಜ್ಜ ಒಂಬತ್ತು ದಿನ ಇದ್ದರು. ಎಚ್ಚರವಿದ್ದಾಗ ತುಟಿ ಒದ್ದೆ ಮಾಡಿಸಿಕೊಂಡು ಹೆಂಡತಿಯ ಕೈ ಹಿಡಿದಿರುತ್ತಿದ್ದರು. ಕೊನೆಯ ಮಧ್ಯಾಹ್ನ ಕಣ್ಣು ಬಿಟ್ಟು, "ನಿನಗೆ ಸೀಟು ಸಿಕ್ಕಿತಾ?" ಎಂದು ಕೇಳಿದರು.

"ಸಿಕ್ಕಿತು. ಕೂತಿದೀನಿ," ಎಂದರು ಟೀಚರಮ್ಮ.

"ಹಾಗಾದ್ರೆ ಸರಿ."

ಸಂಜೆಯ ಟೀ ಬರುವ ಹೊತ್ತಿಗೆ ಉಸಿರು ನಿಂತಿತು. ಮಗಳು ಕಾಲಿನ ಕಡೆ ಕೂತಿದ್ದಳು. ಗಡಿಬಿಡಿ ಏನೂ ಆಗಲಿಲ್ಲ.

ಎರಡು ವಾರ ಕಳೆದು ಡಾಕ್ಟರು ಕೋಣೆಗೆ ಬಂದು ಕೂತಾಗ ಟೀಚರಮ್ಮ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟರು. "ಮಾತ್ರೆ ಎಲ್ಲಾ ಮುಂದುವರಿಸಿದ್ದಿದ್ರೆ ಇನ್ನೂ ಸ್ವಲ್ಪ ದಿನ ಇರ್ತಿದ್ರಾ?"

"ನನಗೆ ಹಾಗನ್ನಿಸಲ್ಲ," ಎಂದರು ಡಾಕ್ಟರು. "ಆದ್ರೆ ಖಂಡಿತವಾಗಿ ಹೇಳೋಕೆ ಬರಲ್ಲ."

ತರಗತಿಯಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದ ಮಕ್ಕಳು ಟೀಚರಮ್ಮನಿಗೆ ಯಾವಾಗಲೂ ಇಷ್ಟ.

"ಸುಳ್ಳು ಹೇಳಲಿಲ್ಲವಲ್ಲ, ಒಳ್ಳೇದಾಯ್ತು," ಎಂದು, ಡಾಕ್ಟರಿಗೂ ಒಂದು ಲೋಟ ಟೀ ತರಲು ಆಯಾಳನ್ನು ಕೂಗಿದರು.